ಮೂರು ವರ್ಷ ನೆಚ್ಚಿಕೊಂಡ ‘ಫ್ರೇಮಿಗೆ ಎಷ್ಟು ರೂಪಾಯಿ’ ಲೆಕ್ಕ

ಭಾನುವಾರ ಬೆಳಿಗ್ಗೆ ಕಾಫಿ ಮುಗಿಯುವಷ್ಟರಲ್ಲಿ ಗ್ರಾಫಿಕ್ಸ್ ಕಾರ್ಡುಗಳ ಆ ವಾರದ ಬೆಲೆಯನ್ನು ಎಕ್ಸೆಲ್ ಹಾಳೆಗೆ ತುಂಬಿ, ಆಟದಲ್ಲಿ ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್, ಅಂದರೆ ಚಿತ್ರ, ಮೂಡುತ್ತವೆ ಎಂಬ ಸಂಖ್ಯೆಯಿಂದ ಭಾಗಿಸಿ ನೋಡುವುದು ಮೂರು ವರ್ಷಗಳಿಂದ ನನ್ನ ಅಭ್ಯಾಸ. ಬೇರೆ ಬೇರೆ ತಲೆಮಾರಿನ ಕಾರ್ಡುಗಳನ್ನು ಒಂದೇ ಅಳತೆಗೋಲಿನಲ್ಲಿ ಇಡಲು ನನಗೆ ಇದಕ್ಕಿಂತ ಸುಲಭವಾದ ದಾರಿ ಸಿಕ್ಕಿಲ್ಲ.

ಒಂದು ಕಾರ್ಡಿನ ವೇಗವನ್ನು 100 ಎಂದಿಟ್ಟು ಉಳಿದವನ್ನು ಅದಕ್ಕೆ ಹೋಲಿಸುವ ಸಾಪೇಕ್ಷ ಪಟ್ಟಿಯನ್ನು ಓದುವುದಕ್ಕೂ ಸ್ವಲ್ಪ ಎಚ್ಚರ ಬೇಕು. ಆರ್‌ಟಿಎಕ್ಸ್ 4060ಅನ್ನು 100 ಎಂದು ಹಿಡಿದ ಪಟ್ಟಿಯಲ್ಲಿ 3060 ಸುಮಾರು 85ರಲ್ಲಿ ನಿಲ್ಲುತ್ತದೆ. ಅದನ್ನು ನೋಡಿ 4060 ಶೇ. 15ರಷ್ಟು ವೇಗ ಎಂದು ಮೊದಲ ಕೆಲವು ತಿಂಗಳು ತಪ್ಪಾಗಿ ಬರೆದುಕೊಂಡಿದ್ದೆ. 100ನ್ನು 85ರಿಂದ ಭಾಗಿಸಿದರೆ ಬರುವುದು ಸುಮಾರು 1.18, ಅಂದರೆ ಶೇ. 18ರಷ್ಟು ಹೆಚ್ಚು. ಮೂರು ತಲೆಮಾರು ಹಿಂದಕ್ಕೆ ಹೋದರೆ ಈ ಸಣ್ಣ ತಪ್ಪೇ ಸರಪಳಿಯಾಗಿ ಬೆಳೆಯುತ್ತದೆ.

2023ರ ಕೊನೆಯಲ್ಲಿ ತಂಗಿಯ ಕಂಪ್ಯೂಟರಿಗೆ ಹೊಸ ಕಾರ್ಡು ಬೇಕಾಯಿತು. ನಮಗೆ ಸಿಕ್ಕಿದ ಬೆಲೆಯಲ್ಲಿ 12 ಜಿಬಿಯ 3060ಗೆ 25,000 ರೂಪಾಯಿ, 8 ಜಿಬಿಯ 4060ಗೆ 28,000. 1080ಪಿಯಲ್ಲಿ ಸರಾಸರಿ 85 ಮತ್ತು 100 ಫ್ರೇಮ್ ಎಂದಿಟ್ಟುಕೊಂಡರೆ ಫ್ರೇಮಿಗೆ 294 ಮತ್ತು 280 ರೂಪಾಯಿ ಬೀಳುತ್ತದೆ. ಹೆಚ್ಚು ತೆರುವ 3,000ಕ್ಕೆ 15 ಫ್ರೇಮ್ ಸಿಗುವುದರಿಂದ ಆ ಹೆಚ್ಚುವರಿ ಫ್ರೇಮ್ ಒಂದಕ್ಕೆ ಬರೀ 200. ಲೆಕ್ಕ ಅಷ್ಟು ಸ್ಪಷ್ಟವಾಗಿದ್ದರಿಂದ 4060ಅನ್ನೇ ಕೊಡಿಸಿದೆ.

ಹೆಚ್ಚಿನ ಆಟಗಳಲ್ಲಿ ಕಾರ್ಡು ಪಟ್ಟಿ ಹೇಳಿದಂತೆಯೇ ಓಡಿತು. ಆದರೆ ಅವಳಿಗೆ ಬಹಳ ಇಷ್ಟವಾದ ಒಂದು ಆಟದಲ್ಲಿ ವಸ್ತುಗಳ ಮೇಲ್ಮೈಯ ವಿವರವನ್ನು ತೋರಿಸುವ ಟೆಕ್ಸ್ಚರ್ ಅತಿ ಹೆಚ್ಚಿಗೆ ಇಟ್ಟಾಗ, ಸರಾಸರಿ ಚೆನ್ನಾಗಿಯೇ ಕಾಣುತ್ತಿದ್ದರೂ ಹೊಸ ಜಾಗಕ್ಕೆ ಹೋದಾಗಲೆಲ್ಲ ಚಿತ್ರ ತಡವರಿಸುತ್ತಿತ್ತು. ಪರದೆಯ ಮೂಲೆಯ ಮಾಪಕದಲ್ಲಿ ಕಾರ್ಡಿನ ಮೆಮೊರಿ 8 ಜಿಬಿಯ ಅಂಚಿಗೆ ಬಂದು ನಿಂತಿತ್ತು. ಟೆಕ್ಸ್ಚರನ್ನು ಒಂದು ಹಂತ ಇಳಿಸಿದ ಕೂಡಲೇ ತೊಂದರೆ ನಿಂತಿತು. ಕಾರಣ ಮೆಮೊರಿಯೇ ಎಂದು ತಿಳಿದದ್ದು ಹಾಗೆ. ಮೆಮೊರಿ ತುಂಬಿದರೆ ಉಳಿದ ದತ್ತಾಂಶ ಕಂಪ್ಯೂಟರಿನ ರ‍್ಯಾಮಿಗೆ ಹೋಗಿ ಕಾರ್ಡನ್ನು ಬೋರ್ಡಿಗೆ ಜೋಡಿಸುವ ಪಿಸಿಐಇ ದಾರಿಯ ಮೂಲಕ ಓಡಾಡಬೇಕಾಗುತ್ತದೆ. 4060ಗೆ ಆ ದಾರಿಯಲ್ಲಿ ಇರುವುದು ಎಂಟೇ ಲೇನ್, ತಂಗಿಯ ಹಳೆಯ ಮದರ್‌ಬೋರ್ಡ್ ನಿಧಾನದ ಹಳೆಯ ತಲೆಮಾರಾದ ಪಿಸಿಐಇ 3.0. ಹದಿನಾರು ಲೇನಿನ 3060ಗೆ ಅದೇ ಬೋರ್ಡಿನಲ್ಲಿ ಇದರ ಎರಡರಷ್ಟು ಅಗಲದ ದಾರಿ ಇರುತ್ತಿತ್ತು, ಮೆಮೊರಿಯೂ 4 ಜಿಬಿ ಹೆಚ್ಚಿರುತ್ತಿತ್ತು. ಪಟ್ಟಿಗಳನ್ನು ಸಾಮಾನ್ಯವಾಗಿ ಹೊಸ ಬೋರ್ಡು, ವೇಗದ ಪ್ರೊಸೆಸರಿನ ಮೇಲೆ ಅಳೆದಿರುತ್ತಾರಾದ್ದರಿಂದ ಹಳೆಯ ಯಂತ್ರದ ಈ ಕಷ್ಟ ಅಲ್ಲಿ ಸುಳಿಯುವುದೇ ಇಲ್ಲ.

ಅಂದಿನಿಂದ ಪಟ್ಟಿಯ ಮೇಲಿನ ನನ್ನ ವಿಶ್ವಾಸ ಅರ್ಧಕ್ಕೆ ಇಳಿದಿದೆ, ಆದರೆ ಅದನ್ನು ಬಿಟ್ಟಿಲ್ಲ. ನಾಲ್ಕೈದು ಕಾರ್ಡುಗಳನ್ನು ಆರಿಸಿಕೊಳ್ಳುವುದಕ್ಕೆ ಮಾತ್ರ ಬಳಸುತ್ತೇನೆ. ಬಳಿಕ ಕೊಳ್ಳುವವರು ನಿಜವಾಗಿ ಆಡುವ ಎರಡು ಮೂರು ಆಟಗಳ ಅತಿ ನಿಧಾನವಾದ ಶೇ. 1ರಷ್ಟು ಫ್ರೇಮುಗಳ ವೇಗ ಹೇಳುವ ‘1% ಲೋ’ ಅಂಕಿಯಿಂದ ಬೆಲೆಯನ್ನು ಇನ್ನೊಮ್ಮೆ ಭಾಗಿಸುತ್ತೇನೆ. ಹಾಳೆಯಲ್ಲಿ ಈಗ ಬೆಲೆಯ ಪಕ್ಕದಲ್ಲೇ ಮೆಮೊರಿ, ಲೇನ್ ಮತ್ತು ಬೋರ್ಡಿನ ಪಿಸಿಐಇ ತಲೆಮಾರು ಎಂಬ ಮೂರು ಕಾಲಂಗಳಿವೆ. ಅವು ತುಂಬುವವರೆಗೆ ಭಾಗಾಕಾರಕ್ಕೆ ಕೈ ಹಾಕುವುದಿಲ್ಲ.