ದರ ಬಾರದ ದಿನ ಡ್ಯಾಶ್‌ಬೋರ್ಡ್‌ನಲ್ಲಿ ಏನು ತೋರಿಸಬೇಕು? ಮೂರು ಮೂಲಗಳನ್ನು ಓಡಿಸಿ ನೋಡಿದ ಹೋಲಿಕೆ

ಹಲವು ಕರೆನ್ಸಿಗಳಲ್ಲಿರುವ ಹಣವನ್ನು ಯೂರೋಗೆ ಪರಿವರ್ತಿಸಿ ಒಟ್ಟು ಮೊತ್ತ ತೋರಿಸುವ ಡ್ಯಾಶ್‌ಬೋರ್ಡ್‌ಗೆ ದಿನಕ್ಕೊಮ್ಮೆ ವಿನಿಮಯ ದರ ಬೇಕಿತ್ತು. ಮೂರು ಮೂಲಗಳನ್ನು ಅಕ್ಕಪಕ್ಕದಲ್ಲಿ ಓಡಿಸಿದೆ: ಯೂರೋಪಿಯನ್ ಸೆಂಟ್ರಲ್ ಬ್ಯಾಂಕ್‌ನ (ಇಸಿಬಿ) ದಿನದ ಫೈಲ್, ಫ್ರಾಂಕ್‌ಫರ್ಟರ್ ಎಂಬ ಮುಕ್ತ ಸೇವೆ, ಮತ್ತು ಓಪನ್ ಎಕ್ಸ್‌ಚೇಂಜ್ ರೇಟ್ಸ್‌ನ ಉಚಿತ ಯೋಜನೆ. ದರ ತರುವುದರಲ್ಲಿ ಮೂರೂ ಸಲೀಸು. ಫೀಡ್ ಕೈಕೊಟ್ಟಾಗ ಮಾತ್ರ ಅವುಗಳ ನಡುವಿನ ವ್ಯತ್ಯಾಸ ಕಾಣಿಸುತ್ತದೆ.

ಇಸಿಬಿ ತನ್ನ ಉಲ್ಲೇಖ ದರಗಳನ್ನು ಕೆಲಸದ ದಿನಗಳಲ್ಲಿ ಮಧ್ಯ ಯೂರೋಪಿನ ಸಮಯ ಸಂಜೆ 4ರ ಸುಮಾರಿಗೆ ಪ್ರಕಟಿಸುತ್ತದೆ. ಕೀ ಬೇಡ, ನೋಂದಣಿ ಬೇಡ. ಸುಮಾರು 30 ಕರೆನ್ಸಿಗಳು ಒಂದು ಚಿಕ್ಕ ಎಕ್ಸ್‌ಎಂಎಲ್ ಫೈಲ್‌ನಲ್ಲಿ ಸಿಗುತ್ತವೆ. ಆಧಾರ ಯಾವಾಗಲೂ ಯೂರೋ. ಡಾಲರ್‌ನಿಂದ ಯೆನ್‌ಗೆ ದರ ಬೇಕಾದರೆ ಯೆನ್ ಸಂಖ್ಯೆಯನ್ನು ಡಾಲರ್ ಸಂಖ್ಯೆಯಿಂದ ನಾವೇ ಭಾಗಿಸಬೇಕು. ಇವು ಮಾಹಿತಿಗಾಗಿ ಮಾತ್ರ, ವಹಿವಾಟಿಗೆ ಬಳಸಬೇಡಿ ಎಂದು ಇಸಿಬಿಯೇ ಹೇಳುತ್ತದೆ. ಡ್ಯಾಶ್‌ಬೋರ್ಡ್‌ಗೆ ಅಷ್ಟು ಸಾಕು, ಬಿಲ್ ಮಾಡಲು ಸಾಲದು.

ಫ್ರಾಂಕ್‌ಫರ್ಟರ್‌ನ `v1` ವಿಳಾಸ ಅದೇ ಇಸಿಬಿ ದರಗಳನ್ನು ಜೇಸನ್ ರೂಪದಲ್ಲಿ ಕೊಡುತ್ತದೆ. ಭಾಗಾಕಾರವನ್ನೂ ತಾನೇ ಮಾಡಿಕೊಡುತ್ತದೆ:

```
https://api.frankfurter.dev/v1/latest?base=USD&symbols=JPY
```

ಶನಿವಾರದ ದರ ಕೇಳಿದರೆ ಶುಕ್ರವಾರದ ದರವನ್ನು ಶುಕ್ರವಾರದ ದಿನಾಂಕದೊಂದಿಗೇ ಕಳಿಸುವುದು ನನಗೆ ತುಂಬಾ ಹಿಡಿಸಿತು. ಆದರೆ ಇಸಿಬಿ ತಡಮಾಡಿದರೆ ಇದೂ ತಡವಾಗುತ್ತದೆ. ಹಾಗಾಗಿ ಇಸಿಬಿಗೆ ಬದಲಿ ಮೂಲ ಅಂತ ಇದನ್ನು ಇಟ್ಟುಕೊಂಡರೆ ಅರ್ಧ ರಕ್ಷಣೆಯಷ್ಟೇ: ಫೈಲ್‌ನ ವಿಳಾಸ ತೆರೆಯದಿದ್ದಾಗ ಉಪಯೋಗಕ್ಕೆ ಬಂದೀತು, ದರವೇ ಪ್ರಕಟವಾಗದಿದ್ದಾಗ ಬಾರದು.

ಓಪನ್ ಎಕ್ಸ್‌ಚೇಂಜ್ ರೇಟ್ಸ್ ಬೇರೆ ಜಾತಿಯದು. ಕೀ ಬೇಕು. ಉಚಿತ ಯೋಜನೆಯಲ್ಲಿ ಆಧಾರ ಡಾಲರ್ ಮಾತ್ರ, ತಿಂಗಳಿಗೆ 1000 ಕೋರಿಕೆಗಳ ಮಿತಿ, ದರ ಗಂಟೆಗೊಮ್ಮೆ ಬದಲಾಗುತ್ತದೆ. ಗಂಟೆಗೊಮ್ಮೆ ತಂದರೆ 31 ದಿನಗಳಿಗೆ 744 ಕೋರಿಕೆಗಳು, ಮಿತಿಯೊಳಗೇ ಉಳಿಯುತ್ತದೆ. ಪುಟ ತೆರೆದಾಗಲೆಲ್ಲ ಕೋರುವಂತೆ ಬರೆದರೆ ಮಾತ್ರ ತಿಂಗಳ ಮಧ್ಯದಲ್ಲೇ ಬಾಗಿಲು ಮುಚ್ಚಬಹುದು. ಮೂಲ ಯಾವುದೇ ಇರಲಿ, ದರವನ್ನು ಸರ್ವರ್ ತಂದು ನಮ್ಮ ಟೇಬಲ್‌ನಲ್ಲಿ ಇಡಬೇಕು, ಪರದೆ ಆ ಟೇಬಲ್ ಓದಬೇಕು.

ಇನ್ನು ವೈಫಲ್ಯದ ವಿಷಯ. ಸರ್ವರ್ ಉತ್ತರಿಸದಿರುವುದು ಎಲ್ಲಕ್ಕಿಂತ ಸುಲಭದ ವೈಫಲ್ಯ, ಅದು ತಾನಾಗಿ ಕೂಗಿ ಹೇಳುತ್ತದೆ. ಎಲ್ಲ ಸರಿಯಿದೆ ಎಂಬಂತೆ 200 ಉತ್ತರ ಬಂದು, ಒಳಗೆ ಹಳೆಯ ದಿನಾಂಕದ ದರ ಕೂತಿರುವುದೇ ಅಪಾಯ. ಅದಕ್ಕೇ ಟೇಬಲ್‌ನಲ್ಲಿ ಎರಡು ಸಮಯ ಬೇಕು: `rate_date` ಎಂದರೆ ದರ ಯಾವ ದಿನದ್ದು, `fetched_at` ಎಂದರೆ ನಾವು ತಂದದ್ದು ಯಾವಾಗ. ಎಷ್ಟೋ ಡ್ಯಾಶ್‌ಬೋರ್ಡ್‌ಗಳು ಎರಡನೆಯದನ್ನು ಮಾತ್ರ ತೋರಿಸುತ್ತವೆ. ‘ಐದು ನಿಮಿಷದ ಹಿಂದೆ ನವೀಕರಿಸಲಾಗಿದೆ’ ಎಂಬ ಸಾಲಿನ ಕೆಳಗೆ ನಾಲ್ಕು ದಿನ ಹಳೆಯ ದರ ಇರಬಹುದು.

ಹಾಗೆಂದು 24 ಗಂಟೆ ದಾಟಿದ ದರಕ್ಕೆಲ್ಲ ಕೆಂಪು ಬಣ್ಣ ಬಳಿದರೆ ಪ್ರತಿ ಶನಿವಾರ ಸುಳ್ಳು ಎಚ್ಚರಿಕೆ. 2024ರ ಈಸ್ಟರ್ ನೋಡಿ. ಮಾರ್ಚ್ 29 ಗುಡ್ ಫ್ರೈಡೇ, ಏಪ್ರಿಲ್ 1 ಈಸ್ಟರ್ ಸೋಮವಾರ, ಎರಡೂ ಇಸಿಬಿಯ ರಜೆ. ಮಾರ್ಚ್ 28ರ ಗುರುವಾರ ಸಂಜೆಯ ದರವೇ ಏಪ್ರಿಲ್ 2ರ ಮಂಗಳವಾರ ಸಂಜೆಯವರೆಗೂ ಹೊಚ್ಚಹೊಸ ದರ. ಐದು ದಿನ ಹಳೆಯದು, ಆದರೂ ಯಾವ ದೋಷವೂ ಇಲ್ಲ. ಆದ್ದರಿಂದ ದರಕ್ಕೆ ಎಷ್ಟು ಗಂಟೆಯಾಯಿತು ಎಂದು ಎಣಿಸುವ ಬದಲು, ‘ಈ ಹೊತ್ತಿಗೆ ಯಾವ ದಿನಾಂಕದ ದರ ಇರಬೇಕಿತ್ತು’ ಎಂದು ಲೆಕ್ಕ ಹಾಕಬೇಕು:

```
expected = last_working_day(now, tz="Europe/Berlin", cutoff="16:30")
late = rate_date < expected
```

ಇಲ್ಲಿ `last_working_day` ನಾವೇ ಬರೆದುಕೊಳ್ಳುವ ಫಂಕ್ಷನ್. ಶನಿವಾರ, ಭಾನುವಾರ ಬಿಟ್ಟರೆ ಅದರ ರಜೆಪಟ್ಟಿಯಲ್ಲಿ ಆರೇ ದಿನಗಳು: ಜನವರಿ 1, ಗುಡ್ ಫ್ರೈಡೇ, ಈಸ್ಟರ್ ಸೋಮವಾರ, ಮೇ 1, ಡಿಸೆಂಬರ್ 25 ಮತ್ತು 26. ಸಮಯವಲಯವನ್ನು ಹೆಸರಿನಿಂದಲೇ ಕೊಡಿ. ಸ್ಥಿರ ವ್ಯತ್ಯಾಸ ಬರೆದರೆ ಬೇಸಿಗೆ ಸಮಯ ಶುರುವಾದಾಗ ಲೆಕ್ಕ ಒಂದು ಗಂಟೆ ಜಾರುತ್ತದೆ.

ದರ ನಿಜಕ್ಕೂ ತಡವಾದಾಗ ಏನು ಮಾಡಬೇಕು ಎಂಬುದಕ್ಕೂ ಮೂರು ದಾರಿ ಪರೀಕ್ಷಿಸಿದೆ. ಪರಿವರ್ತಿತ ಮೊತ್ತದ ಜಾಗದಲ್ಲಿ ಗೆರೆ ಎಳೆಯುವುದು ಪ್ರಾಮಾಣಿಕವೇನೋ ಹೌದು, ಆದರೆ ಒಂದು ದಿನದ ತಡಕ್ಕೆ ಇಡೀ ಪುಟ ನಿರುಪಯೋಗಿ. ಸದ್ದಿಲ್ಲದೆ ಎರಡನೆಯ ಮೂಲಕ್ಕೆ ಜಾರುವುದು ಜಾಣತನದಂತೆ ಕಾಣುತ್ತದೆ. ನನಗೆ ಅತಿ ಕೆಟ್ಟದ್ದೆನಿಸಿದ್ದು ಅದೇ. ಖಾತೆಯಲ್ಲಿ 2,00,000 ಡಾಲರ್ ಇದೆ, ಇಸಿಬಿಯ ಕೊನೆಯ ದರ ಯೂರೋಗೆ 1.0800 ಡಾಲರ್ ಎಂದುಕೊಳ್ಳಿ. ಪರದೆಯಲ್ಲಿ 1,85,185 ಯೂರೋ. ಫೀಡ್ ಬಿತ್ತು, ಎರಡನೆಯ ಮೂಲ 1.0760 ಕೊಟ್ಟಿತು. ಈಗ 1,85,874. ಖಾತೆಗೆ ಒಂದು ಪೈಸೆಯೂ ಬರದೆ ಸುಮಾರು 688 ಯೂರೋ ‘ಲಾಭ’! ಇಸಿಬಿಯದು ಮಧ್ಯಾಹ್ನ 2 ದಾಟಿದ ಒಂದು ಗಳಿಗೆಯ ದರ, ಮತ್ತೊಂದು ಬೇರೆ ಗಂಟೆಯದು, ಬೇರೆ ರೀತಿ ಲೆಕ್ಕ ಹಾಕಿದ್ದು. ಮೊದಲ ಫೀಡ್ ಮರಳಿದಾಗ ಆ ‘ಲಾಭ’ ಕರಗುತ್ತದೆ. ಗ್ರಾಫ್‌ನಲ್ಲಿ ಗುಬುಟು ಮಾತ್ರ ಶಾಶ್ವತ, ಏಕೆಂದು ಕೇಳಿದವರಿಗೆ ಉತ್ತರ ಇರುವುದಿಲ್ಲ.

ಕೊನೆಗೆ ಉಳಿಸಿಕೊಂಡದ್ದು ಮೂರನೆಯ ದಾರಿ: ಕೊನೆಯ ಒಳ್ಳೆಯ ದರವನ್ನೇ ಬಳಸಿ, ಮೊತ್ತದ ಪಕ್ಕದಲ್ಲೇ ‘ಮಾರ್ಚ್ 28ರ ದರ’ ಎಂದು ಬರೆಯುವುದು. ಈ ಸಾಲು ಫೀಡ್ ಸರಿಯಿದ್ದ ದಿನವೂ ಇರಬೇಕು. ತಡವಾದ ದಿನ ಅದರ ಬಣ್ಣ ಬದಲಾಗಿ ‘ಹೊಸ ದರ ಇನ್ನೂ ಬಂದಿಲ್ಲ’ ಎಂದು ಸೇರಿಕೊಳ್ಳುತ್ತದೆ. ಮೂರು ಕೆಲಸದ ದಿನ ದಾಟಿದರೆ ಮೊತ್ತವನ್ನು ಮರೆಮಾಡುತ್ತೇನೆ. ಈ ಮೂರು ದಿನದ ಮಿತಿ ನನ್ನ ಆಯ್ಕೆ, ನಿಮ್ಮ ಕರೆನ್ಸಿ ಹೆಚ್ಚು ತೂಗಾಡುವುದಾದರೆ ಇಳಿಸಿ.

ಎರಡನೆಯ ಮೂಲ ಹಾಗಾದರೆ ವ್ಯರ್ಥವೇ? ಇಲ್ಲ, ಅದನ್ನು ಸಾಕ್ಷಿಯಾಗಿ ಬಳಸಿ. ಹೊಸ ದರ ಹಿಂದಿನದಕ್ಕಿಂತ ಶೇಕಡ 5ಕ್ಕೂ ಹೆಚ್ಚು ಸರಿದಿದ್ದರೆ ನನ್ನ ಕೋಡ್ ತಡೆಹಿಡಿಯುತ್ತದೆ, ಏಕೆಂದರೆ ದಶಮಾಂಶ ಜಾರಿದ ಅಥವಾ ತಿರುಗುಮುರುಗಾದ ದರ ಹೀಗೇ ಸಿಕ್ಕಿಬೀಳುತ್ತದೆ. ಆದರೆ 2015ರ ಜನವರಿ 15ರಂದು ಸ್ವಿಸ್ ನ್ಯಾಷನಲ್ ಬ್ಯಾಂಕ್ ಯೂರೋಗೆ 1.20 ಫ್ರಾಂಕ್‌ನ ಕನಿಷ್ಠ ಮಿತಿಯನ್ನು ಕೈಬಿಟ್ಟಾಗ ದರ ಒಂದೇ ದಿನ ಶೇಕಡ 10ಕ್ಕೂ ಹೆಚ್ಚು ಕುಸಿದಿತ್ತು, ಮತ್ತು ಅದು ನಿಜವಾದ ದರವೇ ಆಗಿತ್ತು. ಎರಡೂ ಮೂಲಗಳು ಒಂದೇ ದಿಕ್ಕು ತೋರಿಸಿದರೆ ತಡೆ ತೆರವು. ಈ ಕೆಲಸಕ್ಕೆ ಫ್ರಾಂಕ್‌ಫರ್ಟರ್ ಆಗದು, ಅದು ಇಸಿಬಿಯ ಮಾತನ್ನೇ ಪುನರುಚ್ಚರಿಸುತ್ತದೆ. ಓಪನ್ ಎಕ್ಸ್‌ಚೇಂಜ್ ರೇಟ್ಸ್ ಬೇಕು.

ಒಂದು ಕರೆನ್ಸಿ ಮಾತ್ರ ಕಾಣೆಯಾಗುವುದೂ ಉಂಟು. ಇಸಿಬಿ 2022ರ ಮಾರ್ಚ್‌ನಲ್ಲಿ ರೂಬಲ್ ದರ ನಿಲ್ಲಿಸಿತು. ಫೈಲ್ ಎಂದಿನಂತೆ ಬರುತ್ತದೆ, ದಿನಾಂಕ ಸರಿ, ಆ ಒಂದು ಸಾಲು ಇಲ್ಲ. ಕೋಡ್‌ನಲ್ಲಿ ಎಲ್ಲೋ `rates[code] || 1` ಇದ್ದರೆ 1,00,000 ರೂಬಲ್ 1,00,000 ಯೂರೋ ಆಗಿ ಒಟ್ಟು ಮೊತ್ತಕ್ಕೆ ಸೇರಿಬಿಡುತ್ತದೆ. ಅಲ್ಲಿ 0 ಹಾಕುವುದೂ ತಪ್ಪೇ, ಹಣ ಮಾಯವಾಗುತ್ತದೆ. ಆ ಖಾತೆಯನ್ನು ಅದರ ಸ್ವಂತ ಕರೆನ್ಸಿಯಲ್ಲೇ ತೋರಿಸಿ, ಒಟ್ಟು ಮೊತ್ತದ ಕೆಳಗೆ ‘ರೂಬಲ್ ಖಾತೆ ಸೇರಿಲ್ಲ’ ಎಂದು ಬರೆಯಿರಿ.