ಕ್ಲ್ಯಾಂಪ್ ಕ್ಯಾರಿಯರ್, ರೇಲ್ ಕ್ಯಾರಿಯರ್: ಯಾವುದು ಎಲ್ಲಿ ಕೈಕೊಡುತ್ತದೆ

ಕಾರಿನ ಚಾವಣಿಗೆ ಕ್ಯಾರಿಯರ್ ಕೂರಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಬರೀ ಚಾವಣಿಯ ಕಾರಾದರೆ ಕ್ಲ್ಯಾಂಪ್. ಅಡ್ಡಪಟ್ಟಿಯ ಕಾಲು ಬಾಗಿಲ ಮೇಲಂಚಿನ ಬಳಿ ರಬ್ಬರ್ ಪ್ಯಾಡ್ ಮೇಲೆ ಕೂರುತ್ತದೆ, ಅದರ ಕೊಕ್ಕೆ ಬಾಗಿಲು ತೆರೆದಾಗ ಕಾಣುವ ಚೌಕಟ್ಟಿನ ಅಂಚನ್ನು ಕಚ್ಚಿ ಹಿಡಿಯುತ್ತದೆ. ಚಾವಣಿಯ ಎರಡೂ ಬದಿಗೆ ಉದ್ದುದ್ದ ರೇಲ್ ಇರುವ ಕಾರಾದರೆ ಕಾಲು ಆ ರೇಲನ್ನೇ ತಬ್ಬಿಕೊಳ್ಳುತ್ತದೆ. ಎರಡನ್ನೂ ಕೂರಿಸಿ, ಹೊರೆ ಹೇರಿ, ಓಡಿಸಿ ನೋಡಿದರೆ ಸಿಗುವ ಉತ್ತರ ಇಷ್ಟು: ಸರಿಯಾಗಿ ಕೂತ ಮೇಲೆ ಎರಡೂ ತಮ್ಮ ಕೆಲಸ ಮಾಡುತ್ತವೆ. ಕ್ಲ್ಯಾಂಪ್‌ನಲ್ಲಿ ತಪ್ಪು ನುಸುಳುವುದು ಕೂರಿಸುವ ದಿನ. ರೇಲ್‌ನಲ್ಲಿ ತಪ್ಪು ನುಸುಳುವುದು ಹೊರೆ ಹೇರುವ ದಿನ, ಏಕೆಂದರೆ ಅದು ಸಲೀಸಾಗಿ ಕೂರುತ್ತದೆ, ಆ ಸಲೀಸು ಧೈರ್ಯ ಹೆಚ್ಚಿಸುತ್ತದೆ.

ಕ್ಲ್ಯಾಂಪ್ ಕೂರಿಸುವಾಗ

ಮೊದಲ ಸಲ ಕ್ಲ್ಯಾಂಪ್ ಕೂರಿಸಲು ಮುಕ್ಕಾಲು ಗಂಟೆ ಎತ್ತಿಡಿ. ಕಾಲು ಮತ್ತು ಪಟ್ಟಿ ಎಲ್ಲ ಕಾರಿಗೂ ಒಂದೇ ಆಗಿರಬಹುದು. ಆದರೆ ಕೊಕ್ಕೆ ಮತ್ತು ಪ್ಯಾಡ್ ಆಯಾ ಕಾರಿನ ಮಾದರಿಗೆ, ಎಷ್ಟೋ ಸಲ ತಯಾರಾದ ವರ್ಷಕ್ಕೂ ತಕ್ಕಂತೆ ಬೇರೆ. ಚಾವಣಿಯ ಬಾಗು ಮತ್ತು ಚೌಕಟ್ಟಿನ ಅಂಚಿನ ಕೋನ ಒಂದೊಂದು ಕಾರಿನಲ್ಲಿ ಒಂದೊಂದು ರೀತಿ ಇರುವುದೇ ಇದಕ್ಕೆ ಕಾರಣ. ‘ಸುಮಾರಾಗಿ ಹೊಂದುತ್ತದೆ’ ಎನ್ನುವ ಕೊಕ್ಕೆ ಅಂಚಿನ ಪೂರ್ತಿ ಅಗಲವನ್ನು ಹಿಡಿಯದೆ ಒಂದು ಮೂಲೆಯಲ್ಲಷ್ಟೇ ನಿಂತಿರುತ್ತದೆ. ಆ ಮೂಲೆ ಮೊದಲು ಪೇಂಟ್ ಕೆರೆಯುತ್ತದೆ, ಆಮೇಲೆ ತಗಡನ್ನು ಬಗ್ಗಿಸುತ್ತದೆ.

ಪ್ಯಾಡ್ ಕೂರುವ ನಾಲ್ಕೂ ಜಾಗವನ್ನು ತೊಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ಕಣ್ಣಿಗೆ ಕಾಣದಷ್ಟು ಮರಳು ಉಳಿದರೂ ಸಾಕು, ಓಡಾಟದ ಅಲುಗಾಟಕ್ಕೆ ಪ್ಯಾಡ್ ಉಪ್ಪುಕಾಗದದಂತೆ ಕೆಲಸ ಮಾಡಿ ಬಣ್ಣ ಮಂಕಾಗಿಸುತ್ತದೆ. ಆಮೇಲೆ ಅಳತೆ. ಮುಂದಿನ ಪಟ್ಟಿ ಗಾಜಿನ ಅಂಚಿನಿಂದ ಎಷ್ಟು ದೂರ, ಎರಡು ಪಟ್ಟಿಗಳ ನಡುವೆ ಎಷ್ಟು ಅಂತರ ಎಂಬುದು ಕಿಟ್‌ನ ಹಾಳೆಯಲ್ಲಿ ಮಿಲಿಮೀಟರ್‌ನಲ್ಲೇ ಇರುತ್ತದೆ. ಕೆಲವು ಕಾರುಗಳಲ್ಲಿ ಬಾಗಿಲ ಚೌಕಟ್ಟಿನಲ್ಲೇ ಗುರುತು ಅಥವಾ ತೂತು ಕೊಟ್ಟಿರುತ್ತಾರೆ. ಕೊಕ್ಕೆಯ ಮೊಳೆ ಆ ತೂತಿನಲ್ಲಿ ಕೂತರೆ ಪಟ್ಟಿ ಹಿಂದೆ ಮುಂದೆ ಜಾರುವ ಚಿಂತೆಯೇ ಇಲ್ಲ.

ಬೋಲ್ಟ್ ಬಿಗಿಸುವಾಗ ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವುದೇ ಹೆಚ್ಚಿನವರು ಮಾಡುವ ತಪ್ಪು. ಹಾಗೆ ಮಾಡಿದರೆ ಪಟ್ಟಿ ಬಿಗಿಯಾದ ಬದಿಗೆ ಎಳೆದುಕೊಂಡು, ಎದುರಿನ ಕೊಕ್ಕೆ ಅರ್ಧವಷ್ಟೇ ಕಚ್ಚುತ್ತದೆ. ಎಡಕ್ಕೆ ನಾಲ್ಕು ಸುತ್ತು, ಬಲಕ್ಕೆ ನಾಲ್ಕು ಸುತ್ತು, ಹೀಗೆ ಆಚೆ ಈಚೆ ಹೋಗುತ್ತಾ ಬಿಗಿಸಿ. ಎರಡೂ ಬದಿಯಲ್ಲಿ ಪಟ್ಟಿಯ ತುದಿ ಸಮನಾಗಿ ಹೊರಚಾಚಿದೆಯೇ ಎಂದು ಟೇಪ್ ಹಿಡಿದು ನೋಡಿ. ಕೊನೆಯ ಬಿಗಿತ ಎಷ್ಟೆಂದು ಕಿಟ್ ಹೇಳುತ್ತದೆ. ಬಹಳಷ್ಟು ಕಿಟ್‌ಗಳಲ್ಲಿ ಅದು 4ರಿಂದ 6 ನ್ಯೂಟನ್ ಮೀಟರ್ ಆಸುಪಾಸಿನಲ್ಲಿರುತ್ತದೆ. ಟಾರ್ಕ್ ರೆಂಚ್ ಇಲ್ಲದವರಿಗೆ ಅಂದಾಜು ಬೇಕೆಂದರೆ, 10 ಸೆಂ.ಮೀ. ಉದ್ದದ ಅಲನ್ ಕೀಯ ತುದಿಯನ್ನು 5 ಕೆ.ಜಿ. ತೂಕ ನೇತುಹಾಕಿದಷ್ಟು ಒತ್ತಿದರೆ 5 ನ್ಯೂಟನ್ ಮೀಟರ್ ಆಗುತ್ತದೆ. ಅದು ಕೈಗೆ ‘ಇನ್ನೂ ಸಡಿಲ’ ಅನ್ನಿಸುವಂಥ ಬಿಗಿತ. ಅಲ್ಲಿಗೇ ನಿಲ್ಲಿಸಬೇಕು. ಉದ್ದ ಪೈಪು ಸಿಕ್ಕಿಸಿ ತಿರುಗಿಸಿದರೆ ಬಾಗಿಲ ಚೌಕಟ್ಟು ಒಳಕ್ಕೆ ಎಳೆಯುತ್ತದೆ, ಬಾಗಿಲು ಮುಚ್ಚುವಾಗ ತಾಗುತ್ತದೆ.

ಬಾಗಿಲು ಮುಚ್ಚಿ ಬೀಡಿಂಗ್ ನೋಡಿ. ಕೊಕ್ಕೆ ಬೀಡಿಂಗ್ ರಬ್ಬರನ್ನು ಮಡಚಿ ಕೂತಿದ್ದರೆ ಮಳೆಯಲ್ಲಿ ನೀರು ಒಳಗೆ ಸೋರುತ್ತದೆ, ವೇಗದಲ್ಲಿ ಆ ಮೂಲೆಯಿಂದಲೇ ಸಿಳ್ಳೆ ಕೇಳುತ್ತದೆ. ಒಂದು ತುಂಡು ಕಾಗದವನ್ನು ಕೊಕ್ಕೆಯ ಪಕ್ಕದಲ್ಲಿಟ್ಟು ಬಾಗಿಲು ಮುಚ್ಚಿ ಎಳೆಯಿರಿ. ತಡೆಯಿಲ್ಲದೆ ಜಾರಿ ಬಂದರೆ ರಬ್ಬರ್ ಅಲ್ಲಿ ಮುಚ್ಚಿಕೊಂಡಿಲ್ಲ ಎಂದರ್ಥ.

ರೇಲ್‌ನಲ್ಲಿ

ರೇಲ್ ಮತ್ತು ಚಾವಣಿಯ ನಡುವೆ ಕೈ ತೂರುವಷ್ಟು ಸಂದಿ ಇದ್ದರೆ ಕೆಲಸ ಕಾಲು ಗಂಟೆಯದು. ಕಾಲಿನ ಪಟ್ಟಿಯನ್ನು ರೇಲಿನ ಅಡಿಯಿಂದ ತಂದು ಬಿಗಿಸಿದರೆ ಮುಗಿಯಿತು. ಚಾವಣಿಯ ಬಣ್ಣಕ್ಕೆ ಏನೂ ತಾಗುವುದಿಲ್ಲ, ಬಾಗಿಲ ಬೀಡಿಂಗ್‌ಗೆ ಸಂಬಂಧವೇ ಇಲ್ಲ. ಪಟ್ಟಿಗಳ ನಡುವಿನ ಅಂತರವನ್ನು ಸಾಮಾನಿಗೆ ತಕ್ಕಂತೆ ಹೊಂದಿಸಬಹುದು. ಉದ್ದದ ಏಣಿಗೆ ಅಂತರ ಹೆಚ್ಚಿಸಿದಷ್ಟೂ ಹಿಡಿತ ಚೆನ್ನ. ಸಂದಿಯಿಲ್ಲದೆ ಚಾವಣಿಗೆ ಅಂಟಿಕೊಂಡಂತಿರುವ ರೇಲ್‌ಗೆ ಬೇರೆ ಕಾಲು ಬೇಕು. ಅದು ರೇಲಿನ ಒಳಬದಿ ಮತ್ತು ಹೊರಬದಿಯ ಗೀರುಗಳನ್ನು ಹಿಡಿಯುವ ಬಗೆಯದು, ಅದಕ್ಕೂ ಮಾದರಿಗೆ ತಕ್ಕ ಕಿಟ್ ಬೇಕಾಗುತ್ತದೆ.

ಆದರೆ ರೇಲ್ ಎಂದು ಕಾಣುವುದೆಲ್ಲ ಹೊರೆ ಹೊರುವ ರೇಲ್ ಆಗಿರುವುದಿಲ್ಲ. ಕೆಲವು ಕಾರುಗಳಲ್ಲಿ ಅದು ಅಂದಕ್ಕಾಗಿ ಅಂಟಿಸಿದ ಪ್ಲಾಸ್ಟಿಕ್. ಅದರ ಮೇಲೆ ಕ್ಯಾರಿಯರ್ ಹಾಕಿ ಹೊರೆ ಹೇರಿದರೆ ಬ್ರೇಕ್ ಒತ್ತಿದ ಹೊತ್ತಿಗೆ ರೇಲ್ ಸಮೇತ ಎಲ್ಲವೂ ಬಾನೆಟ್ ಮೇಲೆ ಬರುತ್ತದೆ. ಕಾರಿನ ಕೈಪಿಡಿಯಲ್ಲಿ ರೇಲಿನ ಹೊರೆಮಿತಿ ಕೊಟ್ಟಿದ್ದರೆ ಮಾತ್ರ ನಂಬಿ. ಕೈಯಿಂದ ಅಲುಗಾಡಿಸಿ ಗಟ್ಟಿ ಅನ್ನಿಸಿತು ಎನ್ನುವುದು ಸಾಲದು.

ಕೂರಿಸುವ ತಪ್ಪು ಇಲ್ಲಿ ಒಂದೇ. ಉದ್ದಕ್ಕೂ ಎಲ್ಲಿ ಬೇಕಾದರೂ ನಿಲ್ಲುವ ಕಾರಣ, ಎಡಗಾಲಿಗಿಂತ ಬಲಗಾಲು ಎರಡು ಸೆಂ.ಮೀ. ಮುಂದೆ ಕೂತುಬಿಡುತ್ತದೆ. ಓರೆಯಾದ ಪಟ್ಟಿಯ ಕಾಲು ರೇಲನ್ನು ಪೂರ್ತಿ ತಬ್ಬುವುದಿಲ್ಲ, ಸಡಿಲವಾಗುತ್ತಾ ಹೋಗುತ್ತದೆ. ರೇಲಿನ ಮುಂತುದಿಯಿಂದ ಎರಡೂ ಬದಿ ಅಳೆದು, ಸಣ್ಣ ಟೇಪ್ ತುಂಡು ಅಂಟಿಸಿ ಗುರುತು ಮಾಡಿ. ಮುಂದೆ ಪಟ್ಟಿ ಜಾರಿದರೆ ಆ ಗುರುತೇ ಹೇಳಿಕೊಡುತ್ತದೆ.

ಎರಡಕ್ಕೂ ಒಂದೇ ಪರೀಕ್ಷೆ: ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಹಿಂದೆ ಮುಂದೆ, ಎಡ ಬಲ ಅಲುಗಿಸಿ. ಪಟ್ಟಿ ಅಲುಗದೆ ಇಡೀ ಕಾರು ಸಸ್ಪೆನ್ಷನ್ ಮೇಲೆ ತೂಗಿದರೆ ಸರಿ ಕೂತಿದೆ. ಕಾರು ನಿಂತಲ್ಲೇ ನಿಂತು ಪಟ್ಟಿ ‘ಟಕ್’ ಎಂದರೆ ಬಿಚ್ಚಿ ಮತ್ತೆ ಕೂರಿಸಿ.

ಹೊರೆಯ ಲೆಕ್ಕ

ರೇಲ್ ಇದ್ದರೆ ಹೆಚ್ಚು ಹೇರಬಹುದು ಎಂಬ ನಂಬಿಕೆ ಬಹಳ ಜನರಲ್ಲಿದೆ. ಮಿತಿ ಮೂರಿರುತ್ತದೆ: ಕಾರಿನ ಕೈಪಿಡಿ ಹೇಳುವ ಚಾವಣಿಯ ಮಿತಿ, ಪಟ್ಟಿಯ ಮೇಲೆ ಬರೆದ ಮಿತಿ, ಅದರ ಮೇಲೆ ಕೂರಿಸುವ ಬಾಕ್ಸ್ ಅಥವಾ ಸೈಕಲ್ ಸ್ಟ್ಯಾಂಡಿನ ಮಿತಿ. ಮೂರರಲ್ಲಿ ಯಾವುದು ಕಡಿಮೆಯೋ ಅದನ್ನೇ ಪಾಲಿಸಬೇಕು. ಸಾಮಾನ್ಯ ಕಾರುಗಳಲ್ಲಿ ಚಾವಣಿಯ ಮಿತಿ 50ರಿಂದ 100 ಕೆ.ಜಿ. ನಡುವೆ ಇರುತ್ತದೆ, ಸಾಮಾನ್ಯವಾಗಿ ಕ್ಯಾರಿಯರ್‌ನ ತೂಕವೂ ಅದರಲ್ಲೇ ಸೇರಿರುತ್ತದೆ.

ಒಂದು ಕಾರನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಚಾವಣಿ ಮಿತಿ 75 ಕೆ.ಜಿ., ಪಟ್ಟಿಗಳ ಮಿತಿ 100 ಕೆ.ಜಿ., ಬಾಕ್ಸ್‌ನ ಮಿತಿ 75 ಕೆ.ಜಿ. ಎಂದಿಟ್ಟುಕೊಳ್ಳಿ. ಪಟ್ಟಿ ಮತ್ತು ಕಾಲುಗಳ ತೂಕ 6 ಕೆ.ಜಿ., ಖಾಲಿ ಬಾಕ್ಸ್ 19 ಕೆ.ಜಿ. ಚಾವಣಿಯ 75ರಲ್ಲಿ ಇವೆರಡನ್ನು ಕಳೆದರೆ ಸಾಮಾನಿಗೆ ಉಳಿಯುವುದು 50. ಪಟ್ಟಿಯ ಮೇಲಿನ 100 ನೋಡಿ ಹೇರಿದವರು ಸಾಮಾನಿಗೇ 75 ಕೆ.ಜಿ. ಹಾಕಿ, ಒಟ್ಟು 100ಕ್ಕೆ ಮುಟ್ಟಿಸಿರುತ್ತಾರೆ. ಅದು ಚಾವಣಿಗೆ 25 ಕೆ.ಜಿ. ಜಾಸ್ತಿ.

ಇನ್ನೊಂದು ಲೆಕ್ಕವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಚಾವಣಿಯ ಹೊರೆ ಕಾರಿನ ಒಟ್ಟು ತೂಕದ ಮಿತಿಯ ಒಳಗೇ ಬರಬೇಕು, ಅದರ ಹೊರಗಲ್ಲ. ಇದೇ ಕಾರು ಜನ ಮತ್ತು ಸಾಮಾನು ಸೇರಿ 430 ಕೆ.ಜಿ. ಹೊರಬಲ್ಲದು ಎಂದಾದರೆ, 70 ಕೆ.ಜಿ.ಯ ಐದು ಜನ ಕೂತಾಗಲೇ 350 ಮುಗಿಯಿತು. ಮೇಲೆ 75 ಹಾಕಿದರೆ 425. ಡಿಕ್ಕಿಗೆ ಉಳಿದದ್ದು 5 ಕೆ.ಜಿ., ಅಂದರೆ ಒಂದು ಸಣ್ಣ ಚೀಲ. ಹೀಗಿರುವಾಗ ಡಿಕ್ಕಿಯನ್ನೂ ತುಂಬಿ ಹೊರಟರೆ ಬ್ರೇಕ್ ಮತ್ತು ಟೈರ್ ಎರಡೂ ತಮ್ಮ ಲೆಕ್ಕದಾಚೆ ದುಡಿಯುತ್ತವೆ. ಪೂರ್ಣ ಹೊರೆಗೆ ಬೇಕಾದ ಗಾಳಿಯ ಒತ್ತಡ ಕೈಪಿಡಿಯಲ್ಲಿ ಬೇರೆಯಾಗಿಯೇ ಇರುತ್ತದೆ, ಅಷ್ಟು ತುಂಬಿಸಿ. ಭಾರವಾದ ಸಾಮಾನು ಕೆಳಗೆ ಡಿಕ್ಕಿಯಲ್ಲಿರಲಿ, ಹಗುರವಾಗಿ ಜಾಗ ತಿನ್ನುವ ಹಾಸಿಗೆ, ಟೆಂಟ್, ಮಡಚುವ ಕುರ್ಚಿಗಳು ಮೇಲಕ್ಕೆ ಹೋಗಲಿ. ಮೇಲಿನ ತೂಕ ತಿರುವಿನಲ್ಲಿ ಕಾರನ್ನು ಹೊರಬದಿಗೆ ವಾಲಿಸುತ್ತದೆ, ಅದು ಸ್ಟೀರಿಂಗ್ ಹಿಡಿದವರಿಗೆ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ.

ಗಾಳಿ ಎತ್ತುವ ಪ್ಲೈವುಡ್

ತೂಕದ ಮಿತಿಯೊಳಗಿದ್ದೂ ಹಾರಿಹೋಗುವ ಸಾಮಾನೆಂದರೆ ಅಗಲದ ಹಲಗೆ. 1.2 ಮೀಟರ್‌ಗೆ 2.4 ಮೀಟರ್ ಅಳತೆಯ, 12 ಮಿ.ಮೀ. ದಪ್ಪದ ಪ್ಲೈವುಡ್ ಹಾಳೆ ಸುಮಾರು 20 ಕೆ.ಜಿ. ತೂಗುತ್ತದೆ, ಅದರ ಹರವು 2.88 ಚದರ ಮೀಟರ್. ಕಾರು ಗಂಟೆಗೆ 80 ಕಿ.ಮೀ. ಓಡುವಾಗ ಎದುರುಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 30 ಕೆ.ಜಿ. ಹಾಳೆಯ ಮುಂತುದಿ ತುಸು ಮೇಲೆದ್ದು ಆ ಒತ್ತಡದ ಮೂರನೇ ಒಂದು ಭಾಗವಷ್ಟೇ ಅಡಿಯಿಂದ ಎತ್ತುವ ಬಲವಾದರೂ ಸುಮಾರು 29 ಕೆ.ಜಿ. ಆಗುತ್ತದೆ. ಹಾಳೆಯ ತೂಕಕ್ಕಿಂತ ಅದು ಹೆಚ್ಚು. ವೇಗ 100ಕ್ಕೆ ಏರಿದರೆ ಈ ಬಲ ಒಂದೂವರೆ ಪಟ್ಟಿಗೂ ಹೆಚ್ಚು, ಏಕೆಂದರೆ ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ.

ಅಡ್ಡಪಟ್ಟಿಗೆ ಸುತ್ತಿದ ಎರಡು ಬೆಲ್ಟ್ ಹಾಳೆಯನ್ನು ಪಟ್ಟಿಗೆ ಹಿಡಿದಿಡುತ್ತವೆ. ಆದರೆ ಮುಂತುದಿ ಏಳುವುದನ್ನು ತಡೆಯಲು ಮುಂದಿನ ಟೋ ಹುಕ್ಕಿಗೆ ಒಂದು ಹಗ್ಗ ಬೇಕೇ ಬೇಕು, ಹಿಂದಕ್ಕೂ ಒಂದು ಇರಲಿ. ಕ್ಲ್ಯಾಂಪ್ ಮತ್ತು ರೇಲ್‌ನ ನಡುವಿನ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೇಲಕ್ಕೆ ಎಳೆತ ಬಿದ್ದಾಗ ರೇಲನ್ನು ಅಡಿಯಿಂದ ತಬ್ಬಿದ ಕಾಲು ಜಗ್ಗುವುದಿಲ್ಲ. ಕ್ಲ್ಯಾಂಪ್‌ನಲ್ಲಿ ಅದೇ ಎಳೆತ ನಾಲ್ಕು ಕೊಕ್ಕೆಗಳ ಸಣ್ಣ ಅಂಚಿನ ಮೇಲೆ ಬೀಳುತ್ತದೆ. ಹಾಗಾಗಿ ಆಗಾಗ ಹಲಗೆ, ದೋಣಿಯಂಥ ಅಗಲದ ಸಾಮಾನು ಸಾಗಿಸುವವರಿಗೆ ರೇಲ್ ಉತ್ತಮ ಎಂಬುದು ನಮ್ಮ ಖಚಿತ ಅಭಿಪ್ರಾಯ. ವರ್ಷಕ್ಕೆರಡು ಸಲ ಪ್ರವಾಸಕ್ಕೆ ಬಾಕ್ಸ್ ಹಾಕುವವರಿಗೆ ಕ್ಲ್ಯಾಂಪ್ ಧಾರಾಳವಾಗಿ ಸಾಕು, ಕೆಲಸ ಮುಗಿದ ಮೇಲೆ ಬಿಚ್ಚಿಟ್ಟರೆ ಚಾವಣಿ ಮೊದಲಿನಂತೆ ಬೋಳು.

ಬೆಲ್ಟ್ ವಿಷಯದಲ್ಲಿ ಬಕಲ್ ಒತ್ತಿ ಕೈಯಿಂದ ಎಳೆಯುವ ಬಗೆಯೇ ಹೆಚ್ಚಿನ ಸಾಮಾನಿಗೆ ಸಾಕು. ರ್ಯಾಚೆಟ್ ಬೆಲ್ಟ್ ಎರಡು ಹಲ್ಲು ಹೆಚ್ಚು ಎಳೆದರೆ ದೋಣಿಯ ಬದಿ ಒಳಕ್ಕೆ ಕುಸಿಯುತ್ತದೆ, ಪಟ್ಟಿಯೂ ಬಾಗುತ್ತದೆ. ಗಾಳಿಗೆ ಬೆಲ್ಟ್ ಗುಂಯ್‌ಗುಡುತ್ತಿದ್ದರೆ ಉದ್ದಕ್ಕೆ ಒಂದು ತಿರುಚು ಕೊಡಿ, ಸದ್ದು ನಿಲ್ಲುತ್ತದೆ. ಉಳಿದ ತುದಿಯನ್ನು ಗಂಟು ಹಾಕಿ ಒಳಗೆ ಸಿಕ್ಕಿಸಿ. ಸಡಿಲ ತುದಿ ಪಟಪಟ ಬಡಿದು ಚಾವಣಿಯ ಬಣ್ಣ ಕೆಡಿಸುತ್ತದೆ.

ಹೊರಟ ಮೇಲೆ ಮೊದಲ 50 ಕಿ.ಮೀ. ಒಳಗೆ ಒಮ್ಮೆ ನಿಲ್ಲಿಸಿ ಎಲ್ಲವನ್ನೂ ಮುಟ್ಟಿ ನೋಡಿ. ಹೊಸ ರಬ್ಬರ್ ಪ್ಯಾಡ್ ಹೊರೆಗೆ ತುಸು ಅದುಮಿಕೊಳ್ಳುತ್ತದೆ, ಬೆಲ್ಟ್ ಹಿಗ್ಗುತ್ತದೆ, ಹೀಗಾಗಿ ಮನೆಯಲ್ಲಿ ಬಿಗಿಯಿದ್ದ ಕ್ಲ್ಯಾಂಪ್ ಬೋಲ್ಟ್ ಅಲ್ಲಿ ಕಾಲು ಸುತ್ತು ತೆಗೆದುಕೊಳ್ಳುವುದು ಸಹಜ. ಎರಡನೇ ಸಲ ನಿಲ್ಲಿಸಿದಾಗಲೂ ಅದೇ ಬೋಲ್ಟ್ ಮತ್ತೆ ಕಾಲು ಸುತ್ತು ತಿರುಗಿದರೆ ಕೊಕ್ಕೆ ಜಾರುತ್ತಿದೆ ಎಂದು ತಿಳಿಯಿರಿ. ಆಗ ಬರೀ ಬಿಗಿಸಿ ಮುಂದೆ ಹೋಗಬೇಡಿ. ಹೊರೆ ಇಳಿಸಿ, ಬಾಗಿಲು ತೆರೆದು, ಕೊಕ್ಕೆ ಅಂಚಿನ ಮೇಲೆ ಹೇಗೆ ಕೂತಿದೆ ಎಂದು ಟಾರ್ಚ್ ಬಿಟ್ಟು ನೋಡಿ.