ಬಿಪಿ ಬರೆದಿಡುವ ಆ್ಯಪ್: 14 ತಿಂಗಳು ಬಳಸಿದ ಮೇಲೆ

ಈ ಆ್ಯಪ್ ಬಳಸುವುದು ನಾನು, ಬಿಪಿ ಇರುವುದು ನಮ್ಮ ಅವ್ವನಿಗೆ. ಅವಳಿಗೆ 66 ವರ್ಷ. ವಿಜಯಪುರದಲ್ಲಿ ನಮ್ಮ ಜೊತೆಗೇ ಇರುತ್ತಾಳೆ. ದವಾಖಾನೆಗೆ ಹೋದಾಗಲೆಲ್ಲ ಅವಳ ಬಿಪಿ 160ರ ಮೇಲೇ ಬರುತ್ತಿತ್ತು. ಅಲ್ಲಿನ ಗದ್ದಲಕ್ಕೆ ಏರುತ್ತದೋ, ನಿಜಕ್ಕೂ ಅಷ್ಟಿದೆಯೋ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲೇ ಒಂದು ವಾರ ಅಳೆದು ಬರೆದುಕೊಂಡು ಬನ್ನಿ ಎಂದು ಡಾಕ್ಟರ್ ಹೇಳಿದರು. ತೋಳಿಗೆ ಪಟ್ಟಿ ಕಟ್ಟುವ ಮಷಿನ್ ತಂದೆವು, ಫೋನಿನಲ್ಲಿ ಈ ಉಚಿತ ಆ್ಯಪ್ ಹಾಕಿಕೊಂಡೆ.

ಅಳೆಯುವ ಕ್ರಮ ಡಾಕ್ಟರ್ ಹೇಳಿದ್ದೇ. ಬೆಳಿಗ್ಗೆ ಎದ್ದು ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ಚಹಾ ಮತ್ತು ಗುಳಿಗೆಗೆ ಮೊದಲು ಅಳೆಯಬೇಕು. ರಾತ್ರಿ ಊಟಕ್ಕೆ ಮೊದಲು ಇನ್ನೊಮ್ಮೆ. ಪ್ರತಿ ಸಲವೂ ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಮಾತಾಡದೆ ಕೂರಬೇಕು. ಒಂದು ನಿಮಿಷ ಬಿಟ್ಟು ಎರಡು ಸಲ ಅಳೆದು ಎರಡನ್ನೂ ಬರೆಯಬೇಕು. ಏಳು ದಿನ ಅಳೆದರೂ ಮೊದಲ ದಿನದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೊಸ ಮಷಿನ್ನಿನ ಗಾಬರಿಗೆ ಅವತ್ತು ಜಾಸ್ತಿ ಬರುತ್ತದೆ. ಉಳಿದ ಆರು ದಿನಕ್ಕೆ ಒಟ್ಟು 24 ಅಳತೆ. ಅವುಗಳ ಸರಾಸರಿ ಮನೆಯಲ್ಲಿ 135/85 ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ನೆನಪಿಸುವ ಗಂಟೆ ಮೊದಲ ಎರಡು ವಾರ ಹೊಡೆಯಲೇ ಇಲ್ಲ. ಫೋನಿನ ಬ್ಯಾಟರಿ ಉಳಿಸುವ ಸೆಟ್ಟಿಂಗ್ ರಾತ್ರಿ ಆ್ಯಪನ್ನು ಮಲಗಿಸಿಬಿಡುತ್ತಿತ್ತು. ಈ ಆ್ಯಪಿಗೆ ಮಾತ್ರ ಆ ನಿರ್ಬಂಧ ತೆಗೆದ ಮೇಲೆ ಇವತ್ತಿನವರೆಗೆ ಒಂದು ದಿನವೂ ತಪ್ಪಿಲ್ಲ. ಆದರೆ ಅವ್ವ "ತಡಿಯಪ್ಪಾ, ಚಾ ಕುಡದ ಬರ್ತೀನಿ" ಅಂದರೆ ಅವತ್ತಿನ ಬೆಳಗಿನ ಅಳತೆ ಕೆಟ್ಟಂತೆ. ಅದಕ್ಕೇ ಗಂಟೆಯನ್ನು 6:30ರಿಂದ 6:10ಕ್ಕೆ ತಂದೆ, ಅಂದರೆ ಒಲೆ ಹಚ್ಚುವುದಕ್ಕೂ ಮೊದಲು.

ನಿಜವಾದ ತೊಂದರೆ ವಾರದ ಸರಾಸರಿಯಲ್ಲಿದೆ. ಮೊದಲ ವರದಿಯಲ್ಲಿ ಆ್ಯಪ್ ತೋರಿಸಿದ್ದು 137/84. ಗಡಿಗಿಂತ ಒಂಚೂರು ಜಾಸ್ತಿ, ಅಷ್ಟೇ ಅಲ್ವಾ ಅಂದುಕೊಂಡೆ. ಡಾಕ್ಟರ್ ಕಾಗದ ನೋಡಿ, "ಮುಂಜಾನೀದು ಬ್ಯಾರೆ, ಸಂಜೀದು ಬ್ಯಾರೆ ಕೂಡಿಸಿ ತೋರಸ್ರಿ" ಅಂದರು. ಅಲ್ಲೇ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ಸಂಜೆಯ ಸರಾಸರಿ 126/80, ಬೆಳಗಿನದು 148/88. ಮುಂಜಾನೆ ತಗೊಂಡ ಗುಳಿಗೆಯ ಬಲ ಮರುದಿನ ಬೆಳಗಾಗುವಷ್ಟರಲ್ಲಿ ತೀರುತ್ತಿದೆ ಎಂದರು ಡಾಕ್ಟರ್. ಸಂಜೆಯ ಒಳ್ಳೆಯ ಅಂಕಿ ಬೆಳಗಿನ ಏರಿಕೆಯನ್ನು ಮುಚ್ಚಿಹಾಕಿತ್ತು.

ಇದೇ ಕಾರಣಕ್ಕೆ ಮುಂದಿನ ತಿಂಗಳು ಇನ್ನೊಂದು ಗೊಂದಲವಾಯಿತು. ಸಂಕ್ರಮಣದ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ, ಮನೆ ತುಂಬ ಬೀಗರು. ಆರು ದಿನ ಬೆಳಿಗ್ಗೆ ಅಳೆದೆವು, ಸಂಜೆ ಎರಡೇ ದಿನ ಆಯಿತು. ಆ್ಯಪಿನ ಸರಾಸರಿ 142ಕ್ಕೆ ಏರಿತು. ಹಬ್ಬದ ಊಟಕ್ಕೇ ಹೀಗಾಯಿತೇನೋ ಅಂತ ಅವ್ವ ಹೆದರಿಬಿಟ್ಟಳು. ಬಿಡಿಸಿ ನೋಡಿದರೆ ಬೆಳಗಿನದು ಅದೇ 148, ಸಂಜೆಯದು ಅದೇ 126. ಬಿಪಿ ಏರಿರಲಿಲ್ಲ, ಸಂಜೆಯ ಅಳತೆಗಳ ಸಂಖ್ಯೆ ಕಡಿಮೆ ಇತ್ತು. ಎಷ್ಟು ಅಳತೆಯ ಮೇಲೆ ಈ ಸರಾಸರಿ ನಿಂತಿದೆ ಎಂದು ಆ್ಯಪ್ ಎಲ್ಲೂ ಹೇಳುವುದಿಲ್ಲ. ಮೂರೇ ಅಳತೆ ಇದ್ದರೂ ಅಷ್ಟೇ ದೊಡ್ಡ ಅಕ್ಷರದಲ್ಲಿ 'ವಾರದ ಸರಾಸರಿ' ಎಂದು ತೋರಿಸುತ್ತದೆ. ಇದು ಸಣ್ಣ ತಪ್ಪಲ್ಲ, ಇದನ್ನು ನೋಡಿ ಜನ ಸುಮ್ನೆ ಹೆದರುತ್ತಾರೆ, ಇಲ್ಲವೇ ಸುಳ್ಳು ಧೈರ್ಯ ತಗೊಳ್ಳುತ್ತಾರೆ.

ನಾನು ಕಂಡುಕೊಂಡ ದಾರಿ ಸರಳ. ಮನೆಯವರಿಗೆಲ್ಲ ಬೇರೆ ಬೇರೆ ಖಾತೆ ಮಾಡುವ ಸೌಲಭ್ಯ ಈ ಆ್ಯಪಿನಲ್ಲಿದೆ. ಅವ್ವನಿಗೇ ಎರಡು ಖಾತೆ ಮಾಡಿದೆ: 'ಅವ್ವ ಬೆಳಿಗ್ಗೆ', 'ಅವ್ವ ಸಂಜೆ'. ಈಗ ಎರಡು ಸರಾಸರಿ ತಾನಾಗಿ ಬರುತ್ತವೆ. ಮೊದಲ ದಿನದ ಅಳತೆಯನ್ನು ಮಾತ್ರ ಕೈಯಾರೆ ಅಳಿಸಬೇಕು.

ಇನ್ನೊಂದು ಮಾತು. ಅಳತೆಯ ಹೊತ್ತು ಅಂತ ಆ್ಯಪ್ ಹಿಡಿಯುವುದು ನಾವು ಅಂಕಿ ಹಾಕಿದ ಹೊತ್ತನ್ನು. ಬೆಳಿಗ್ಗೆ ಕಾಗದದಲ್ಲಿ ಗೀಚಿಟ್ಟು ರಾತ್ರಿ ತುಂಬಿದರೆ ಅದೂ ರಾತ್ರಿಯ ಲೆಕ್ಕಕ್ಕೇ ಹೋಗುತ್ತದೆ. ಹಾಗೆ ಮಾಡಿದಾಗ ಗಡಿಯಾರದ ಗುರುತು ಒತ್ತಿ ಸಮಯ ತಿದ್ದಬೇಕು. ಅಂಕಿಯನ್ನು ಮಾತ್ರ ತಿದ್ದಬಾರದು. ಅವ್ವ ಶುರುವಿನಲ್ಲಿ 148 ಬಂದರೆ "ಮತ್ತೊಮ್ಮೆ ನೋಡು" ಅಂತ ನಾಲ್ಕು ಸಲ ಅಳೆಸಿ ಕಡಿಮೆ ಬಂದದ್ದನ್ನೇ ಹೇಳುತ್ತಿದ್ದಳು. ಈಗ ಮಷಿನ್ನಿನ ನೆನಪಿನಿಂದಲೇ ನಾನು ನೋಡಿ ಹಾಕುತ್ತೇನೆ.

ಡಾಕ್ಟರ್ ಗುಳಿಗೆ ಬದಲಿಸಿದ ಎರಡು ತಿಂಗಳಿಗೆ ಬೆಳಗಿನ ಸರಾಸರಿ 134/82, ಸಂಜೆಯದು 125/78 ಆಗಿತ್ತು. ಐದಕ್ಕೆ ಮೂರೂವರೆ ಕೊಡುತ್ತೇನೆ. ಸರಾಸರಿಯ ಪಕ್ಕ ಅಳತೆಗಳ ಸಂಖ್ಯೆ ಹಾಕಿ, ಬೆಳಿಗ್ಗೆ–ಸಂಜೆ ಬೇರೆ ತೋರಿಸಿದ ದಿನ ಉಳಿದ ಒಂದೂವರೆಯನ್ನೂ ಕೊಡುತ್ತೇನೆ.